ಪ್ಲಾಸಿ ಕದನ 1764 ಅಂದರು, ಹಾಗೇ ಬರೆದೆ

ನಾನು ಉಡುಪಿಯಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ, ಕಣ್ಣು ಕಾಣದ ಒಬ್ಬರು ಅಕ್ಕನ ಬಿ.ಎ. ಇತಿಹಾಸ ಪರೀಕ್ಷೆಗೆ ಲಿಪಿಕಾರನಾಗಿ ಹೋದೆ. ಅವರು ಹೇಳಬೇಕು, ನಾನು ಬರೆಯಬೇಕು. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಜಾಸ್ತಿ ಸಿಗುತ್ತದೆ. ಕೇಳಿದರೆ ಬರೆದದ್ದನ್ನು ಓದಿ ಹೇಳಬಹುದು. ಅಷ್ಟೇ ನನ್ನ ಕೆಲಸ.

ಒಂದು ದೊಡ್ಡ ಉತ್ತರದಲ್ಲಿ ಅವರು "ಪ್ಲಾಸಿ ಕದನ, 1764" ಅಂದರು. 1764 ಬಕ್ಸರ್ ಕದನದ ವರ್ಷ. ಪ್ಲಾಸಿ 1757. ಪಿಯುಸಿಯಲ್ಲಿ ಓದಿದ್ದು, ನನಗೆ ಚೆನ್ನಾಗಿ ನೆನಪಿತ್ತು. ಪೆನ್ನು ಅಲ್ಲೇ ನಿಂತಿತು. ಎಷ್ಟು ಕಷ್ಟಪಟ್ಟು ಓದಿದ್ದಾರೆ, ಎರಡು ಅಂಕೆ ಬದಲಿಸಿದರೆ ಯಾರಿಗೆ ನಷ್ಟ?

ಗೀತೆಯ ಎರಡನೇ ಅಧ್ಯಾಯದ 47ನೇ ಶ್ಲೋಕ ಬಾಯಿಪಾಠವಿತ್ತು. ಫಲ ಬಯಸಬೇಡ ಎಂಬ ಮಾತನ್ನಷ್ಟೇ ಎಲ್ಲರೂ ಹೇಳುತ್ತಾರೆ. ನನಗೆ ಅಲ್ಲಿ ಕೆಲಸಕ್ಕೆ ಬಂದದ್ದು ಅದರ ಎರಡನೇ ಸಾಲು. "ಮಾ ಕರ್ಮಫಲಹೇತುರ್ಭೂಃ": ಫಲಕ್ಕೆ ನೀನೇ ಕಾರಣನಾಗಲು ಹೋಗಬೇಡ. ಅವರ ಅಂಕ ನನ್ನ ಕೈಯಿಂದ ಬರಲಿ ಎಂಬ ಆಸೆ ಅದೇ ಅಲ್ವಾ? ಆಸೆ ನನಗಾಗಿ ಅಲ್ಲ, ಇನ್ನೊಬ್ಬರಿಗಾಗಿ. ಆದರೂ ಅದು ಫಲದ ಆಸೆಯೇ. ಅರ್ಜುನ ಬಿಲ್ಲು ಕೆಳಗಿಟ್ಟದ್ದೂ ತನ್ನವರ ಮೇಲಿನ ಕನಿಕರದಿಂದಲೇ. ಉತ್ತರ ಹೇಳುವುದು ಅವರ ಧರ್ಮ, ಬರೆಯುವುದು ನನ್ನದು. ಅವರದ್ದನ್ನು ನಾನು ಎಷ್ಟು ಚೆನ್ನಾಗಿ ಮಾಡಿದರೂ ಅದು ಪರಧರ್ಮವೇ. 1764 ಅಂತಲೇ ಬರೆದೆ.

ಅದೇ ಸಾಲಿನಲ್ಲಿ ಇನ್ನೊಂದು ಎಚ್ಚರಿಕೆಯಿದೆ: "ಮಾ ತೇ ಸಂಗೋಽಸ್ತ್ವಕರ್ಮಣಿ", ಏನೂ ಮಾಡದಿರುವುದಕ್ಕೂ ಅಂಟಿಕೊಳ್ಳಬೇಡ. ಅಂಕ ನನ್ನದಲ್ಲ ಅಂತ ಸುಮ್ನೆ ಗೀಚುವ ಹಾಗಿಲ್ಲ. ಪ್ರಶ್ನೆ ಸಂಖ್ಯೆ ಸರಿಯಿರಬೇಕು, ಅಕ್ಷರ ಬಿಡಿಯಾಗಿರಬೇಕು. ನಾನೇ ತಪ್ಪಾಗಿ ಕೇಳಿಸಿಕೊಂಡಿದ್ದರೆ ತಿದ್ದುವುದು ನನ್ನ ಜವಾಬ್ದಾರಿ. ಹಾಗಾಗಿ ವರ್ಷ ಇನ್ನೊಮ್ಮೆ ಹೇಳಿ ಅಂತ ಕೇಳಬಹುದಿತ್ತು. ಆದರೆ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಸರಿ ಉತ್ತರಕ್ಕೆ ನಾನು ಹೀಗೆ ಕೇಳುತ್ತಿದ್ದೆನಾ? ಇಲ್ಲ. ಹಾಗಿದ್ದ ಮೇಲೆ ಅದು ಪ್ರಶ್ನೆಯಲ್ಲ, ಸುಳಿವು. ಇಂಥ ಕಡೆ ನಾನು ಈಗಲೂ ಇದೇ ಪರೀಕ್ಷೆ ಹಚ್ಚುತ್ತೇನೆ.

ಗೆಳೆಯನೊಬ್ಬ ಬೈದ: "ಕಣ್ಣಿಲ್ಲದವರಿಗೆ ಅಷ್ಟೂ ಸಹಾಯ ಮಾಡಬಾರದಾ?" ಅವನ ಮಾತು ನೋಯಿಸಿತು. ಆದರೆ ಆ ಕೊರತೆಗೆಂದೇ ಲಿಪಿಕಾರ, ಹೆಚ್ಚಿನ ಸಮಯ ಎಲ್ಲ ಇರುವುದು. ಅವರ ಓದಿಗೆ ನನ್ನ ಓದು ಬೆರೆಸಿದರೆ ಆ ಪದವಿ ಪೂರ್ತಿ ಅವರದಾಗುವುದಿಲ್ಲ.

ಪರೀಕ್ಷೆ ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆಯುವಾಗ ವಿಷಯ ಹೇಳಿದೆ. ಅಲ್ಲಿ ನಾನು ಲಿಪಿಕಾರನಲ್ಲವಲ್ಲ. ಅವರು ಒಂದು ಕ್ಷಣ ಸುಮ್ಮನಿದ್ದು, "ಓದಿಸಿಕೊಳ್ಳಬೇಕಿತ್ತು ಮಾರಾಯ" ಅಂದರು. ಮುಂದಿನ ಪೇಪರಿಗೆ ಅವರೇ ಒಂದು ಕ್ರಮ ಮಾಡಿದರು: ಸರಿಯಿರಲಿ ತಪ್ಪಿರಲಿ, ಇಸವಿ ಇರುವ ಪ್ರತಿ ಉತ್ತರವನ್ನೂ ಮುಗಿದ ಕೂಡಲೇ ನಾನು ಒಂದೇ ಸ್ವರದಲ್ಲಿ ಓದಿ ಹೇಳಬೇಕು.