ಒಂದೇ ವೋಚರ್, ಎರಡು ಪ್ರಶ್ನೆ: ಹತ್ತಿ ಮಿಲ್ಲಿನ ಆಡಿಟ್‌ನಲ್ಲಿ ನನ್ನ ಅನುಭವ

ನಾನು ಹುಬ್ಬಳ್ಳಿಯಲ್ಲಿ ಆಡಿಟ್ ಕೆಲಸ ಮಾಡುತ್ತೇನೆ. ಆರ್ಟಿಕಲ್‌ಶಿಪ್‌ಗೆ ಬಂದ ಮೊದಲ ವರ್ಷದವರು ಟೆಸ್ಟ್ ಆಫ್ ಕಂಟ್ರೋಲ್ಸ್ ಮತ್ತು ಸಬ್‌ಸ್ಟಾಂಟಿವ್ ಪ್ರೊಸೀಜರ್ ಎರಡರ ವ್ಯಾಖ್ಯೆಯನ್ನೂ ಸರಿಯಾಗಿಯೇ ಹೇಳುತ್ತಾರೆ. ಆದರೆ ಕೈಗೆ ವೋಚರ್ ಫೈಲ್ ಕೊಟ್ಟ ಕೂಡಲೇ ಎರಡೂ ಕಲಸಿಹೋಗುತ್ತವೆ. ಅದಕ್ಕೆ ಕಾರಣವೂ ಇದೆ. ಎರಡಕ್ಕೂ ತೆಗೆಯುವ ಕಾಗದ ಒಂದೇ, ಹಾಕುವ ಟಿಕ್ ಮಾರ್ಕೂ ಒಂದೇ ಥರ. ಆ ಕಾಗದಕ್ಕೆ ನಾವು ಕೇಳುವ ಪ್ರಶ್ನೆ ಮಾತ್ರ ಬೇರೆ. ಅಣ್ಣಿಗೇರಿ ಕಡೆಯ ಒಂದು ಜಿನ್ನಿಂಗ್ ಮಿಲ್ಲಿನ ಆಡಿಟ್‌ನಲ್ಲಿ ಇದು ಬಹಳ ಸ್ಪಷ್ಟವಾಗಿ ಕಂಡಿತು. ಅದನ್ನೇ ಇಲ್ಲಿ ಬರೆಯುತ್ತೇನೆ.

ಮಿಲ್ಲಿನ ದೊಡ್ಡ ಖರ್ಚು ಹತ್ತಿ ಖರೀದಿ. ಗಾಡಿ ಬಂದರೆ ಮೊದಲು ಕಾಟಾ ಮೇಲೆ ತುಂಬಿದ ತೂಕ, ಇಳಿಸಿದ ಮೇಲೆ ಖಾಲಿ ತೂಕ. ನಂಬರ್ ಇರುವ ಕಾಟಾ ಚೀಟಿ ಅಲ್ಲೇ ಪ್ರಿಂಟ್ ಆಗುತ್ತದೆ. ಹತ್ತಿಯ ತೇವ, ಗುಣ ನೋಡಿ ಖರೀದಿದಾರರು ದರದ ಚೀಟಿ ಬರೆಯುತ್ತಾರೆ. ದಲಾಲರಿಂದ ಬಿಲ್ ಬರುತ್ತದೆ. ಆಫೀಸಿನ ಹುಡುಗ ಮೂರನ್ನೂ ಸೇರಿಸಿ ಪಿನ್ ಹಾಕಿ ಇಡುತ್ತಾನೆ. ಮ್ಯಾನೇಜರ್ ತೂಕ, ದರ, ಬಿಲ್ ಮೂರನ್ನೂ ಹೊಂದಿಸಿ ನೋಡಿ, ತಾರೀಕು ಬರೆದು ಸಹಿ ಹಾಕಬೇಕು. ಆ ಸಹಿ ಇಲ್ಲದೆ ಖರೀದಿ ಪುಸ್ತಕಕ್ಕೆ ಎಂಟ್ರಿ ಹೋಗಬಾರದು, ದುಡ್ಡೂ ಹೋಗಬಾರದು. ಈ ಹೊಂದಿಸಿ ನೋಡುವ ಕೆಲಸವೇ ಇಲ್ಲಿ ಕಂಟ್ರೋಲ್. ಸಹಿ ಅದರ ಗುರುತು ಅಷ್ಟೆ.

ಟೆಸ್ಟ್ ಆಫ್ ಕಂಟ್ರೋಲ್ಸ್‌ನಲ್ಲಿ ನಾನು ಕೇಳುವುದು ಇದು: ಮ್ಯಾನೇಜರ್ ಈ ಕೆಲಸವನ್ನು ವರ್ಷಪೂರ್ತಿ, ಪ್ರತಿ ಬಿಲ್ಲಿಗೂ, ನಿಜವಾಗಿ ಮಾಡಿದ್ದಾರಾ? ಸಬ್‌ಸ್ಟಾಂಟಿವ್‌ನಲ್ಲಿ ಕೇಳುವುದು: ಪುಸ್ತಕದಲ್ಲಿರುವ ಖರೀದಿ ಮೊತ್ತ ಸರಿ ಇದೆಯಾ? ಮೊದಲನೆಯದರ ಉತ್ತರ ಕೆಲಸದ ರೂಢಿಯ ಬಗ್ಗೆ, ಎರಡನೆಯದರ ಉತ್ತರ ರೂಪಾಯಿಯ ಬಗ್ಗೆ.

ಮ್ಯಾನೇಜರನ್ನು ಕೇಳಿದೆವು. "ನಾ ಎಲ್ಲಾ ನೋಡೇ ಸಹಿ ಮಾಡ್ತೀನ್ರಿ" ಅಂದರು. ಅವರ ಮಾತನ್ನು ಅನುಮಾನಿಸುವ ಕಾರಣ ಇರಲಿಲ್ಲ. ಆದರೂ ಬರೀ ಕೇಳಿ ತಿಳಿದುಕೊಂಡದ್ದು ಕಂಟ್ರೋಲ್ ನಡೆಯುತ್ತಿದೆ ಅನ್ನುವುದಕ್ಕೆ ಸಾಕಾಗುವುದಿಲ್ಲ. ಎದುರಿಗೆ ಕೂತು ಅವರು ಹೊಂದಿಸುವುದನ್ನು ನೋಡಬಹುದು. ಆದರೆ ಅದು ಆ ಹೊತ್ತಿಗೆ ಮಾತ್ರ ಸಾಕ್ಷಿ, ಆಡಿಟರ್ ಎದುರಿಗಿದ್ದರೆ ಯಾರಾದರೂ ಸರಿಯಾಗಿಯೇ ಮಾಡುತ್ತಾರೆ ಅಲ್ವಾ. ಹಾಗಾಗಿ ಖರೀದಿ ಪುಸ್ತಕದಿಂದ ಇಡೀ ಸೀಸನ್ ಮೇಲೆ ಹರಡುವಂತೆ 25 ಎಂಟ್ರಿ ಆರಿಸಿದೆವು. ಪ್ರತಿಯೊಂದಕ್ಕೂ ಸಹಿ ಇದೆಯಾ ನೋಡಿ, ನಂತರ ಮ್ಯಾನೇಜರ್ ಮಾಡಬೇಕಿದ್ದ ಹೊಂದಾಣಿಕೆಯನ್ನು ನಾವೇ ಮತ್ತೆ ಮಾಡಿದೆವು. ಇದೇ ರೀಪರ್ಫಾರ್ಮೆನ್ಸ್. ಇದನ್ನು ಬಿಟ್ಟು ಬರೀ ಸಹಿ ಎಣಿಸಿದರೆ ಪೆನ್ನು ಓಡಿದ್ದು ಗೊತ್ತಾಗುತ್ತದೆ, ಕಣ್ಣು ಓಡಿದ್ದು ಗೊತ್ತಾಗುವುದಿಲ್ಲ.

25ರಲ್ಲಿ ಎರಡು ಕಡೆ ನಿಂತೆವು. ಒಂದರಲ್ಲಿ ಸಹಿಯೇ ಇಲ್ಲ. ನನ್ನ ಜೊತೆಗಿದ್ದ ಹಾವೇರಿ ಕಡೆಯ ಟ್ರೈನಿ ಹುಡುಗಿ ತೂಕ, ದರ ಗುಣಿಸಿ ನೋಡಿ, "ಸರ್, ಮೊತ್ತ ಬರೋಬ್ಬರಿ ಅದರೀ, ಹಂಗಾರ ಇದು ಓಕೆ ಅಂತ ಬರೀಲ್ಯಾ?" ಅಂದಳು. ಎಲ್ಲರೂ ಎಡವುವ ಜಾಗ ಇದೇ. ಮೊತ್ತ ಸರಿ ಇದ್ದದ್ದು ಎರಡನೇ ಪ್ರಶ್ನೆಗೆ ಉತ್ತರ. ನಾವು ಕೇಳುತ್ತಿದ್ದದ್ದು ಮೊದಲನೆಯದು. ಹೊಂದಿಸಿ ನೋಡಿದ್ದಕ್ಕೆ ಗುರುತೇ ಇಲ್ಲ, ಆದ್ದರಿಂದ ಕಂಟ್ರೋಲ್ ಲೆಕ್ಕದಲ್ಲಿ ಇದು ಡೀವಿಯೇಶನ್. ಮೊತ್ತದಲ್ಲಿ ತಪ್ಪು ಸೊನ್ನೆ ರೂಪಾಯಿ ಇರಬಹುದು, ಆದರೂ ಡೀವಿಯೇಶನ್ ಒಂದು ಅಂತಲೇ ಬರೆಯಬೇಕು.

ಇನ್ನೊಂದರಲ್ಲಿ ಸಹಿ ಇತ್ತು. ದರದ ಚೀಟಿಯಲ್ಲಿ ಕ್ವಿಂಟಲ್‌ಗೆ ₹7,150, ಬಿಲ್ಲಿನಲ್ಲಿ ₹7,210. ಹತ್ತಿ 40 ಕ್ವಿಂಟಲ್, ಅಂದರೆ ₹2,400 ಜಾಸ್ತಿ. ಹಣ ಚಿಕ್ಕದು. ಆದರೆ ನನಗೆ ಮೊದಲನೆಯದಕ್ಕಿಂತ ಇದೇ ಹೆಚ್ಚು ಚಿಂತೆ ಹುಟ್ಟಿಸಿತು. ಸಹಿ ಇಲ್ಲದ ವೋಚರ್ ಕನಿಷ್ಠ ತನ್ನ ಕೊರತೆಯನ್ನು ತಾನೇ ತೋರಿಸುತ್ತದೆ. ನೋಡದೆ ಹಾಕಿದ ಸಹಿ ಉಳಿದ ಸಹಿಗಳ ಮೇಲಿನ ನಂಬಿಕೆಯನ್ನೂ ಅಲುಗಾಡಿಸುತ್ತದೆ.

ಸ್ಯಾಂಪಲ್‌ನ ಅರ್ಥ ಏನು ಅಂತಲೂ ತಿಳಿದಿರಲಿ. 25ರಲ್ಲಿ ಒಂದೂ ತಪ್ಪು ಸಿಗದಿದ್ದರೂ ಕಂಟ್ರೋಲ್ ನೂರಕ್ಕೆ ನೂರು ನಡೆದಿದೆ ಅಂತ ಅಲ್ಲ. ಶೇ 90ರ ವಿಶ್ವಾಸದಲ್ಲಿ, ತಪ್ಪಿನ ಪ್ರಮಾಣ ಸುಮಾರು ಶೇ 9ನ್ನು ಮೀರಿಲ್ಲ ಅಂತ ಮಾತ್ರ ಹೇಳಬಹುದು. ಒಂದು ತಪ್ಪು ಸಿಕ್ಕರೆ ಆ ಮಿತಿ ಶೇ 15ರ ಹತ್ತಿರ ಹೋಗುತ್ತದೆ. ನಮಗೆ ಎರಡು ಸಿಕ್ಕಿದ್ದವು. ಸುಮ್ನೆ "ಚಿಕ್ಕ ವಿಷಯ" ಅಂತ ದಾಟುವ ಹಾಗೆ ಇರಲಿಲ್ಲ.

ಎರಡೂ ಜನವರಿಯವು. ವಿಚಾರಿಸಿದರೆ, ಆ ತಿಂಗಳು ಮನೆಯ ಮದುವೆಗಾಗಿ ಮ್ಯಾನೇಜರ್ ಬಹಳ ದಿನ ರಜೆ ಹಾಕಿದ್ದರು. ಸಾವಕಾರರು "ನಮ್ಮ ಅಳಿಯ ನೋಡ್ತಿದ್ನಲ್ರೀ" ಅಂದರು. ಇರಬಹುದು, ಆದರೆ ಯಾವ ಕಾಗದದ ಮೇಲೂ ಅವರ ಗುರುತಿಲ್ಲ. ಜನವರಿಯ ಫೈಲ್ ಇಡಿಯಾಗಿ ತಿರುವಿದಾಗ ಇನ್ನೊಂದು ಕಂಡಿತು. ರಜೆ ಮುಗಿಸಿ ಬಂದ ದಿನದ ತಾರೀಕಿನಲ್ಲೇ ರಾಶಿಗಟ್ಟಲೆ ಸಹಿ, ಒಂದೇ ಪೆನ್ನು, ಒಂದೇ ಓಟ. ಬಾಕಿ ಉಳಿದ ಕಟ್ಟನ್ನು ಒಟ್ಟಿಗೆ ಮುಗಿಸಿದ್ದರು. ಸಹಿಯ ತಾರೀಕನ್ನು ಎಂಟ್ರಿಯ ತಾರೀಕಿನ ಪಕ್ಕ ಇಟ್ಟು ನೋಡುವುದು ಇದಕ್ಕೇ. ಸಹಿಗಿಂತ ಮೊದಲೇ ಎಂಟ್ರಿ ಆಗಿದ್ದರೆ ಕಂಟ್ರೋಲ್ ತಡೆಯಬೇಕಾದ್ದನ್ನು ತಡೆದಿಲ್ಲ.

ತಪ್ಪು ಎರಡೂ ಜನವರಿಯಲ್ಲೇ ಇವೆ, ಉಳಿದದ್ದೆಲ್ಲ ಸರಿ ಅಂತ ಅಲ್ಲಿಗೇ ಬಿಡಲು ಆಗುವುದಿಲ್ಲ. ಉಳಿದ ತಿಂಗಳುಗಳಿಂದ ಬೇರೆ 25 ಆರಿಸಿ ಅದೇ ರೀತಿ ನೋಡಿದೆವು. ಒಂದೂ ತಪ್ಪು ಇರಲಿಲ್ಲ. ಆಗ ತೀರ್ಮಾನ ಹೀಗಾಯಿತು: ಉಳಿದ ತಿಂಗಳುಗಳಲ್ಲಿ ಕಂಟ್ರೋಲ್ ಮೇಲೆ ಭರವಸೆ ಇಟ್ಟು ಸಬ್‌ಸ್ಟಾಂಟಿವ್ ಕೆಲಸ ಕಡಿಮೆ ಮಾಡಬಹುದು. ಜನವರಿಗೆ ಆ ಭರವಸೆ ಇಲ್ಲ, ಅಲ್ಲಿ ಮೊತ್ತವನ್ನೇ ನೇರವಾಗಿ, ಜಾಸ್ತಿ ನೋಡಬೇಕು. ಎರಡು ಕೆಲಸಗಳ ನಡುವಿನ ಸಂಬಂಧ ಇಷ್ಟೇ. ಮೊದಲನೆಯದರ ಫಲಿತಾಂಶ ಎರಡನೆಯದರ ಅಳತೆಯನ್ನು ಬದಲಿಸುತ್ತದೆ. ಆದರೆ ಅದನ್ನು ಪೂರ್ತಿ ತೆಗೆದುಹಾಕುವುದಿಲ್ಲ. ಕಂಟ್ರೋಲ್ ಎಷ್ಟೇ ಚೆನ್ನಾಗಿರಲಿ, ದೊಡ್ಡ ಮೊತ್ತದ ಪ್ರತಿ ಬಾಬಿಗೂ ಒಂದಿಷ್ಟು ಸಬ್‌ಸ್ಟಾಂಟಿವ್ ಕೆಲಸ ಆಗಲೇಬೇಕು, ಆಡಿಟ್ ಮಾನದಂಡ ಎಸ್‌ಎ 330 ಹೇಳುವುದೂ ಅದನ್ನೇ. ಟೆಸ್ಟ್ ಆಫ್ ಕಂಟ್ರೋಲ್ಸ್ ಹಾಗಲ್ಲ. ಕಂಟ್ರೋಲ್ ಮೇಲೆ ಭರವಸೆ ಇಡುವ ಯೋಚನೆ ಇದ್ದರೆ, ಇಲ್ಲವೇ ಬರೀ ಮೊತ್ತ ನೋಡಿ ಸಾಕಷ್ಟು ಸಾಕ್ಷಿ ಸಿಗದಿದ್ದರೆ ಮಾತ್ರ ಅದು ಬೇಕು. ಸಾವಕಾರರೊಬ್ಬರೇ ಕೂತು ಎಲ್ಲ ನೋಡುವ ಸಣ್ಣ ಅಂಗಡಿಗೆ ನಾನು ಸಾಮಾನ್ಯವಾಗಿ ನೇರವಾಗಿ ಮೊತ್ತಕ್ಕೇ ಹೋಗುತ್ತೇನೆ.

ಜನವರಿಯ ಸಬ್‌ಸ್ಟಾಂಟಿವ್ ಕೆಲಸವನ್ನು ಒಂದು ಅಂದಾಜಿನಿಂದ ಶುರು ಮಾಡಿದೆ. ಈ ಮಿಲ್ಲಿನಲ್ಲಿ ಉಳಿದ ತಿಂಗಳುಗಳಲ್ಲಿ ಹತ್ತಿಯ ತೂಕದ ಶೇ 34ರಷ್ಟು ಅರಳೆ ಬಂದಿತ್ತು. ಉಳಿದದ್ದು ಹತ್ತಿಕಾಳು, ಕಸ. ಅರ್ಧ ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕಾರಣ ಹುಡುಕಬೇಕು ಅಂತ ಲೆಕ್ಕ ಹಾಕುವ ಮೊದಲೇ ಬರೆದಿಟ್ಟೆ. ಮೊದಲೇ ಬರೆಯದಿದ್ದರೆ ಬಂದ ಉತ್ತರವನ್ನೇ ಸರಿ ಅಂದುಕೊಳ್ಳುವ ಮನಸ್ಸಾಗುತ್ತದೆ. ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಪ್ರಕಾರ ತಿಂಗಳ ಮೊದಲಿನ ಮತ್ತು ಕೊನೆಯ ಹತ್ತಿ ರಾಶಿ ಹೊಂದಿಸಿದ ಮೇಲೆ, ಪುಸ್ತಕದ ಲೆಕ್ಕಕ್ಕೆ ಜನವರಿಯಲ್ಲಿ ಯಂತ್ರಕ್ಕೆ ಹೋದ ಹತ್ತಿ 9,000 ಕ್ವಿಂಟಲ್. ಶೇ 34 ಅಂದರೆ 3,060 ಕ್ವಿಂಟಲ್ ಅರಳೆ. 170 ಕೆಜಿಯ ಬೇಲ್ ಲೆಕ್ಕಕ್ಕೆ 1,800 ಬೇಲ್ ಬರಬೇಕು. ಪ್ರೆಸ್ ರಿಜಿಸ್ಟರ್‌ನಲ್ಲಿ ಇದ್ದದ್ದು 1,720, ಅಂದರೆ ಶೇ 32.5. ಕಡಿಮೆ ಬಿದ್ದ 80 ಬೇಲ್‌ಗೆ ಸುಮಾರು 400 ಕ್ವಿಂಟಲ್ ಹತ್ತಿ ಬೇಕು. ಹತ್ತಿ ಬಂದು ಅರಳೆ ಹೊರಗೆ ಹೋಯಿತಾ, ಇಲ್ಲವೇ ಹತ್ತಿಯೇ ಬಂದಿಲ್ಲವಾ? ಅಂದಾಜು ಅದನ್ನು ಹೇಳುವುದಿಲ್ಲ. ಎಲ್ಲಿ ಅಗೆಯಬೇಕು ಅಂತ ಮಾತ್ರ ಹೇಳುತ್ತದೆ.

ಅಗೆಯುವುದು ಟೆಸ್ಟ್ ಆಫ್ ಡೀಟೇಲ್ಸ್. ಇಲ್ಲಿ ದಿಕ್ಕು ಮುಖ್ಯ. ಇಲ್ಲದ ಖರೀದಿ ಪುಸ್ತಕಕ್ಕೆ ಬಂದಿದೆಯಾ ಅಂತ ನೋಡಲು ಪುಸ್ತಕದಿಂದ ಕಾಟಾ ಚೀಟಿಗೆ ಹೋಗಬೇಕು. ಬಂದ ಹತ್ತಿ ಪುಸ್ತಕ ತಪ್ಪಿಸಿಕೊಂಡಿದೆಯಾ ಅಂತ ನೋಡಲು ಕಾಟಾ ಚೀಟಿಯ ನಂಬರ್ ಸಾಲಿನಿಂದ ಪುಸ್ತಕಕ್ಕೆ ಬರಬೇಕು. ನಮಗೆ ಬೇಕಿದ್ದದ್ದು ಮೊದಲನೆಯದು. ಜನವರಿಯ ದೊಡ್ಡ ಎಂಟ್ರಿಗಳನ್ನೆಲ್ಲ ಟ್ರೈನಿ ಒಂದೊಂದಾಗಿ ಚೀಟಿಗೆ ಹೊಂದಿಸಿದಳು. ಒಬ್ಬ ದಲಾಲರ ಹೆಸರಿನಲ್ಲಿ 380 ಕ್ವಿಂಟಲ್, ₹7,200ರ ದರದಲ್ಲಿ ₹27,36,000ರ ಎಂಟ್ರಿಗೆ ಕಾಟಾ ಚೀಟಿಯೇ ಇರಲಿಲ್ಲ. ಹಿಂದೆ ಪಿನ್ ಹಾಕಿದ್ದು ದಲಾಲರು ಕಳಿಸಿದ ತಿಂಗಳ ಪಟ್ಟಿ. ಅದರಲ್ಲಿದ್ದ ಗಾಡಿಗಳೆಲ್ಲ ಮೊದಲೇ ಬಿಡಿಬಿಡಿಯಾಗಿ ಖರೀದಿಗೆ ಏರಿದ್ದವು. ಅದೇ ಹತ್ತಿ ಪಟ್ಟಿಯ ಮೇಲೆ ಎರಡನೇ ಸಲ ಏರಿತ್ತು. ಪಟ್ಟಿಯ ಮೇಲೆ ಮ್ಯಾನೇಜರ್ ಸಹಿ ಇತ್ತು, ಆ ಒಂದೇ ಓಟದ ಸಹಿಗಳಲ್ಲಿ ಒಂದು. ದುಡ್ಡು ಹೋಗಿರಲಿಲ್ಲ, ದಲಾಲರ ಖಾತೆಯಲ್ಲಿ ಬಾಕಿ ಅಂತ ನಿಂತಿತ್ತು. ಮಾರ್ಚ್ 31ರ ಬಾಕಿ ಬಗ್ಗೆ ಅವರಿಗೆ ನೇರವಾಗಿ ಪತ್ರ ಬರೆದು ಉತ್ತರ ನಮ್ಮ ಆಫೀಸಿಗೇ ತರಿಸಿಕೊಂಡೆವು. ಅವರ ಪುಸ್ತಕದಲ್ಲಿ ಬಾಕಿ ಸರಿಯಾಗಿ ₹27,36,000 ಕಡಿಮೆ ಇತ್ತು. ಉಳಿದ 20 ಕ್ವಿಂಟಲ್ ವ್ಯತ್ಯಾಸ ನಾವು ಹಾಕಿದ ಮಿತಿಯೊಳಗೇ ಇತ್ತು.

ಆ ಎಂಟ್ರಿ ನಮ್ಮ ಮೊದಲ 25ರಲ್ಲಿ ಬಂದಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಕಂಟ್ರೋಲ್ ಸ್ಯಾಂಪಲ್ ಇರುವುದು ಪ್ರತಿ ತಪ್ಪನ್ನು ಹಿಡಿಯಲು ಅಲ್ಲ, ತಪ್ಪು ತಡೆಯುವ ಕೆಲಸ ನಡೆಯುತ್ತಿದೆಯಾ ಅಂತ ತಿಳಿಯಲು. ₹2,400ರ ಒಂದು ಗೆರೆ ಮತ್ತು ಒಂದು ಖಾಲಿ ಸಹಿಯ ಜಾಗ ನಮ್ಮನ್ನು ಜನವರಿಗೆ ಕರೆದೊಯ್ದವು, ₹27 ಲಕ್ಷ ಸಿಕ್ಕಿದ್ದು ಅಲ್ಲಿ. ತಿರುಗಿಸಿ ಹೇಳುವಾಗ ಮಾತ್ರ ಎಚ್ಚರ ಬೇಕು. ಸಬ್‌ಸ್ಟಾಂಟಿವ್‌ನಲ್ಲಿ ತಪ್ಪು ಸಿಗಲಿಲ್ಲ, ಆದ್ದರಿಂದ ಕಂಟ್ರೋಲ್ ಚೆನ್ನಾಗಿದೆ ಅಂತ ಬರೆಯಬಾರದು. ಯಾರೂ ಹೊಂದಿಸಿ ನೋಡದಿದ್ದರೂ ಅದೃಷ್ಟಕ್ಕೆ ಮೊತ್ತ ಸರಿ ಇರಬಹುದು. ಆದರೆ ಸಬ್‌ಸ್ಟಾಂಟಿವ್‌ನಲ್ಲಿ ದೊಡ್ಡ ತಪ್ಪು ಸಿಕ್ಕರೆ ಅದು ಕಂಟ್ರೋಲ್ ಸೋತಿದೆ ಅನ್ನುವುದಕ್ಕೆ ಬಲವಾದ ಸೂಚನೆ.

ವರ್ಕಿಂಗ್ ಪೇಪರ್‌ನಲ್ಲಿ ಟ್ರೈನಿ ಈಗ ಒಂದೇ ವೋಚರ್‌ಗೆ ಎರಡು ಕಾಲಮ್ ಹಾಕುತ್ತಾಳೆ. ಒಂದರಲ್ಲಿ ಹೊಂದಾಣಿಕೆ ನಡೆದಿದೆಯಾ, ಸಹಿ ಯಾವಾಗ ಬಿತ್ತು. ಇನ್ನೊಂದರಲ್ಲಿ ಮೊತ್ತ ಎಷ್ಟು ಇರಬೇಕಿತ್ತು, ಎಷ್ಟಿದೆ. ಒಂದು ಕಾಲಮ್‌ನ ಉತ್ತರವನ್ನು ನೋಡಿ ಇನ್ನೊಂದನ್ನು ತುಂಬುವುದಿಲ್ಲ. ಒಂದೇ ಕಾಗದದಿಂದ ಎರಡು ಟೆಸ್ಟ್ ಮಾಡುವುದಕ್ಕೆ ಅಡ್ಡಿ ಇಲ್ಲ, ಎರಡರ ತೀರ್ಮಾನ ಬೇರೆ ಬೇರೆ ಬರೆದರೆ ಸಾಕು.

ಸಾವಕಾರರು ಎಂಟ್ರಿ ತಿದ್ದಿಸಿದರು. ಖರೀದಿಯೂ ದಲಾಲರ ಬಾಕಿಯೂ ಅಷ್ಟು ಇಳಿದವು, ಲಾಭ ಅಷ್ಟೇ ಏರಿತು. ಕಂಟ್ರೋಲ್‌ನ ಕೊರತೆಯನ್ನು ನಾವು ಪತ್ರದಲ್ಲಿ ಬೇರೆಯಾಗಿ ತಿಳಿಸಿದೆವು, ಮೊತ್ತ ತಿದ್ದಿದ ಮಾತ್ರಕ್ಕೆ ಆ ಕೊರತೆ ಹೋಗುವುದಿಲ್ಲವಲ್ಲ. ಈಗ ಕಾಟಾ ಚೀಟಿಯ ನಂಬರ್ ಹಾಕದೆ ಹತ್ತಿ ಖರೀದಿ ಎಂಟ್ರಿ ಮಾಡಬಾರದು, ಮ್ಯಾನೇಜರ್ ಇಲ್ಲದಾಗ ಅಳಿಯನೇ ಹೆಸರು ಬರೆದು ಸಹಿ ಹಾಕಬೇಕು ಅಂತ ಮಾಡಿಕೊಂಡಿದ್ದಾರೆ. ಬದಲಾಗದ ಕಂಟ್ರೋಲ್ ಆಗಿದ್ದರೆ ಹಳೆಯ ಟೆಸ್ಟ್ ಮೇಲೆ ಕೆಲವು ಸಂದರ್ಭದಲ್ಲಿ ಮುಂದಿನ ವರ್ಷವೂ ಭರವಸೆ ಇಡಬಹುದು, ಮೂರು ಆಡಿಟ್‌ಗೆ ಒಮ್ಮೆಯಾದರೂ ಮತ್ತೆ ನೋಡಬೇಕು ಅನ್ನುವ ಮಿತಿಯೊಳಗೆ. ಇಲ್ಲಿ ಕಂಟ್ರೋಲೇ ಬದಲಾಗಿದೆ. ಬರುವ ಸೀಸನ್‌ಗೆ ಹೊಸದಾಗಿ 25 ಎಂಟ್ರಿ ತೆಗೆಯುತ್ತೇವೆ, ಅದರಲ್ಲಿ ಮ್ಯಾನೇಜರ್ ರಜೆಯಲ್ಲಿದ್ದ ದಿನಗಳೂ ಸೇರಿರುವಂತೆ ನೋಡಿಕೊಳ್ಳುತ್ತೇವೆ.