ಆಟದ ನಡುವೆ ಆರಿಹೋಗುತ್ತಿದ್ದ ಕಂಪ್ಯೂಟರ್: ಶಾಖವೋ, ಪವರ್ ಸಪ್ಲೈಯೋ?

ಕಳೆದ ಆಷಾಢದಲ್ಲಿ, ಶಿವಮೊಗ್ಗದಲ್ಲಿ ಮಳೆ ಬಿಡದೆ ಹೊಯ್ಯುತ್ತಿದ್ದ ದಿನಗಳಲ್ಲಿ, ನನ್ನ ಕಂಪ್ಯೂಟರ್ ಆಟದ ನಡುವೆ ದೀಪ ಆರಿದ ಹಾಗೆ ಒಮ್ಮೆಲೇ ನಿಂತುಹೋಗತೊಡಗಿತು. ಅದಕ್ಕೆ ಎರಡು ವಾರ ಮೊದಲಷ್ಟೇ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೆ. ಮಲೆನಾಡಿನ ಕರೆಂಟಿನ ಮೇಲೆ ಅನುಮಾನಪಡುವುದು ನಮಗೆ ರೂಢಿಯೇ ಆದರೂ, ಅದೇ ಯುಪಿಎಸ್‌ನಲ್ಲಿದ್ದ ಮಾನಿಟರ್ ಉರಿಯುತ್ತಲೇ ಇದ್ದುದರಿಂದ ಆ ಅನುಮಾನವನ್ನು ಕೈಬಿಟ್ಟೆ.

ಈವೆಂಟ್ ವ್ಯೂವರ್‌ನಲ್ಲಿ ಸಿಕ್ಕಿದ್ದು `Kernel-Power 41` ಒಂದೇ. ಯಂತ್ರ ಕ್ರಮವಾಗಿ ಮುಚ್ಚಲಿಲ್ಲ ಎಂದಷ್ಟೇ ಅದು ಹೇಳುತ್ತದೆ. ಕಾರಣ ಶಾಖವಾದರೂ ಪವರ್ ಸಪ್ಲೈ ಆದರೂ ಅದೇ ಸಾಲು ಬರುತ್ತದೆ. ನನಗೆ ಹೆಚ್ಚು ತಿಳಿಸಿದ್ದು ಪವರ್ ಬಟನ್. ಆರಿದ ಮೇಲೆ ಅದನ್ನು ಎಷ್ಟು ಒತ್ತಿದರೂ ಪ್ರಯೋಜನವಿರಲಿಲ್ಲ. ಹಿಂಬದಿಯ ಸ್ವಿಚ್ ಆರಿಸಿ ಹತ್ತು ಸೆಕೆಂಡ್ ಕಾದ ನಂತರವೇ ಯಂತ್ರ ಏಳುತ್ತಿತ್ತು. ಮಿತಿ ಮೀರಿದ ಕರೆಂಟನ್ನು ಕಂಡು ತನ್ನನ್ನು ತಾನೇ ಕಡಿದುಕೊಂಡ ಪವರ್ ಸಪ್ಲೈ ಸಾಮಾನ್ಯವಾಗಿ ಹೀಗೆ ವರ್ತಿಸುತ್ತದೆ. ಅದೇ ಬಿಸಿಯಾಗಿ ನಿಂತಿದ್ದರೆ, ತಣ್ಣಗಾಗಲು ಹತ್ತು ಸೆಕೆಂಡ್ ಸಾಲುತ್ತಿರಲಿಲ್ಲ.

ಆದರೂ ಇದೊಂದನ್ನೇ ನಂಬದೆ, ಬಿಸಿಯನ್ನು ಅಳೆಯುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಲಾಗ್ ಬರೆಸುತ್ತಾ ಆಡಿದೆ. ಆರುವ ಮುನ್ನಿನ ಕೊನೆಯ ಸಾಲಿನಲ್ಲಿ ಸಿಪಿಯು 68, ಕಾರ್ಡ್ 71 ಡಿಗ್ರಿಯಲ್ಲಿತ್ತು. ಪ್ರೊಸೆಸರ್ ಶಾಖದಿಂದ ನಿಲ್ಲುವುದಾದರೆ ಮೊದಲು ತನ್ನ ವೇಗವನ್ನು ಇಳಿಸಿಕೊಳ್ಳುತ್ತದೆ, ಫ್ಯಾನುಗಳು ಅಬ್ಬರಿಸುತ್ತವೆ, ಆಟ ತಡವರಿಸುತ್ತದೆ. ಲಾಗ್‌ನಲ್ಲಿ ಆ ಏರಿಕೆ ಕಾಣದೆ ಇರುವುದಿಲ್ಲ. ನನ್ನದರಲ್ಲಿ ಅಂಥ ಯಾವ ಮುನ್ಸೂಚನೆಯೂ ಇರಲಿಲ್ಲ.

ನನ್ನನ್ನು ದಾರಿ ತಪ್ಪಿಸಿದ್ದು ಲೆಕ್ಕ. ಕಾರ್ಡಿಗೆ 320 ವ್ಯಾಟ್, ಸಿಪಿಯುಗೆ ಸುಮಾರು 130, ಉಳಿದದ್ದಕ್ಕೆ 50. ಒಟ್ಟು 500, ಸಪ್ಲೈ 650ರದ್ದು. ಕಾರ್ಡಿಗೆ ಪೂರ್ಣ ಹೊರೆ ಹಾಕಿ ಪರೀಕ್ಷಿಸುವ ಫರ್ಮಾರ್ಕ್ ಅರ್ಧ ಗಂಟೆ ಓಡಿಸಿದರೂ ಏನೂ ಆಗಲಿಲ್ಲವಾದ್ದರಿಂದ ಸಪ್ಲೈ ಸರಿಯಿದೆ ಎಂದು ಎರಡು ದಿನ ನಂಬಿದ್ದೆ. ಆದರೆ ಫರ್ಮಾರ್ಕ್‌ನ ಹೊರೆ ಒಂದೇ ಸಮನಾದದ್ದು. ಆಟದಲ್ಲಿ ದೃಶ್ಯ ಬದಲಾದಾಗ ಈ ಕಾರ್ಡ್ ಕೆಲವೇ ಮಿಲಿಸೆಕೆಂಡ್ ಕಾಲ ತನ್ನ 320ನ್ನು ಬಹಳ ಮೀರಿ ಎಳೆಯುತ್ತದೆ, ಎರಡು ಸೆಕೆಂಡಿಗೊಮ್ಮೆ ಅಳೆಯುವ ಲಾಗ್‌ಗೆ ಆ ನೆಗೆತ ಸಿಕ್ಕುವುದೇ ಇಲ್ಲ.

ಆದ್ದರಿಂದ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಾರ್ಡಿನ ಮಿತಿಯನ್ನೇ ಇಳಿಸಿದೆ:

```
nvidia-smi -pl 225
```

ಜೊತೆಗೆ ಆಟವನ್ನು 60 ಫ್ರೇಮಿಗೆ ಕಟ್ಟಿದೆ. ಮೂರು ಸಂಜೆ ಒಮ್ಮೆಯೂ ಆರಲಿಲ್ಲ. ಎರಡನ್ನೂ ಮೊದಲಿನಂತೆ ಮಾಡಿದ ದಿನ ಇಪ್ಪತ್ತೇ ನಿಮಿಷದಲ್ಲಿ ಆರಿತು. ಮಿತಿ ಇಳಿಸಿದರೆ ಶಾಖವೂ ಇಳಿಯುವುದರಿಂದ ಈ ಪರೀಕ್ಷೆಯೊಂದೇ ಏನನ್ನೂ ಸಾಬೀತುಪಡಿಸದು. ಲಾಗ್ ಮೊದಲೇ ಶಾಖವನ್ನು ತಳ್ಳಿಹಾಕಿದ್ದರಿಂದಲೇ ಇದಕ್ಕೆ ಬೆಲೆ ಬಂತು. ಕಾರ್ಡಿಗೆ ಒಂದೇ ಪವರ್ ಕೇಬಲಿನ ಎರಡು ತುದಿಗಳ ಬದಲು ಎರಡು ಪ್ರತ್ಯೇಕ ಕೇಬಲ್ ಹಾಕಿಯೂ ನೋಡಿದೆ, ಗುಣ ಕಾಣಲಿಲ್ಲ.

ಕೊನೆಗೆ 850 ವ್ಯಾಟ್‌ನ ಎಟಿಎಕ್ಸ್ 3.0 ಸಪ್ಲೈ ತಂದೆ. ಇಂಥ ಕ್ಷಣಿಕ ನೆಗೆತಗಳನ್ನು ತಾಳಬೇಕೆಂಬುದು ಆ ಮಾನದಂಡದಲ್ಲೇ ಇದೆ. ಆಮೇಲೆ ಕಾರ್ಡ್ ಪೂರ್ಣ 320ರಲ್ಲೇ ಓಡುತ್ತಿದೆ. ಹಳೆಯ 650ರದ್ದು ತಮ್ಮನ ಸಣ್ಣ ಕಾರ್ಡಿನ ಯಂತ್ರದಲ್ಲಿ ಇಂದಿಗೂ ತಕರಾರಿಲ್ಲದೆ ನಡೆಯುತ್ತಿರುವುದರಿಂದ, ಅದು ಕೆಟ್ಟಿತ್ತು ಎಂದು ನಾನು ಹೇಳಲಾರೆ.