ಚೆಕ್‌ಔಟ್ ಬಿಲ್ಲಿಗೆ ಸೇರಿಕೊಂಡ 2,211 ರೂಪಾಯಿ: ಬರೆದು ಕೇಳಿ ವಾಪಸ್ ಪಡೆದ ಬಗೆ

ಶ್ರೀರಂಗಪಟ್ಟಣದ ಹತ್ತಿರದ ಒಂದು ರೆಸಾರ್ಟಿನಲ್ಲಿ ಎರಡು ರಾತ್ರಿಗೆ ರೂಮು ಬುಕ್ ಮಾಡಿದ್ದೆ. ಆ್ಯಪಿನಲ್ಲಿ ಬಂದ ಕನ್ಫರ್ಮೇಶನ್ ಹೀಗಿತ್ತು: ದಿನಕ್ಕೆ 6,000 ರೂಪಾಯಿ, ಎರಡು ದಿನಕ್ಕೆ 12,000, ಶೇ 5 ಜಿಎಸ್‌ಟಿ 600, ಒಟ್ಟು 12,600, ಹೋಟೆಲಿನಲ್ಲೇ ಪಾವತಿ. ಅಲ್ಲಿ ಉಂಡು ತಿಂದದ್ದು 4,200, ಅದಕ್ಕೆ ಶೇ 5ರಂತೆ 210. ಅಂದರೆ ಹೊರಡುವಾಗ ಕಟ್ಟಬೇಕಾಗಿದ್ದು 17,010. ಬಿಲ್ ಬಂದದ್ದು 19,221ಕ್ಕೆ.

ಹೆಚ್ಚಿಗೆ ಬಂದ 2,211 ಎರಡು ಬೇರೆ ಬೇರೆ ಕಡೆಯಿಂದ ಬಂದಿತ್ತು. ಒಂದು, ‘ರೆಸಾರ್ಟ್ ಫೀ’ ಅಂತ ದಿನಕ್ಕೆ 750ರಂತೆ 1,500, ಅದರ ಮೇಲೆ ಶೇ 18 ಜಿಎಸ್‌ಟಿ 270. ಇನ್ನೊಂದು, ಊಟದ ಬಿಲ್ಲಿನ ಮೇಲೆ ಶೇ 10 ಸರ್ವಿಸ್ ಚಾರ್ಜ್ 420. ಈ 420ನ್ನೂ ಊಟದ ಮೊತ್ತಕ್ಕೆ ಕೂಡಿಸಿ 4,620ರ ಮೇಲೆ ತೆರಿಗೆ ಹಾಕಿದ್ದರಿಂದ ಇನ್ನೊಂದು 21. ದೂರು ಬರೆಯುವವರು ಈ ಎರಡನ್ನೂ ಒಂದೇ ಉಸಿರಿನಲ್ಲಿ ‘ಮೋಸ’ ಅಂತ ಬರೆದುಬಿಡುತ್ತಾರೆ. ಅದು ತಪ್ಪು. ಎರಡಕ್ಕೂ ಇರುವ ಆಧಾರ ಬೇರೆ, ಬಲವೂ ಬೇರೆ. ಬೆರೆಸಿ ಬರೆದರೆ ಬಲವಾದ ವಾದವೂ ದುರ್ಬಲವಾದದ್ದರ ಜೊತೆ ಕೊಚ್ಚಿಹೋಗುತ್ತದೆ.

ಸರ್ವಿಸ್ ಚಾರ್ಜಿನದು ಗಟ್ಟಿ ನೆಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿ, ಹೋಟೆಲ್ ಆಗಲಿ ರೆಸ್ಟೋರೆಂಟ್ ಆಗಲಿ ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾನಾಗಿಯೇ ಸೇರಿಸುವ ಹಾಗಿಲ್ಲ ಎಂದಿತು. ಬೇರೆ ಹೆಸರಿಟ್ಟು ವಸೂಲು ಮಾಡುವ ಹಾಗೂ ಇಲ್ಲ, ಊಟದ ಬಿಲ್ಲಿಗೆ ಕೂಡಿಸಿ ಒಟ್ಟಿನ ಮೇಲೆ ಜಿಎಸ್‌ಟಿ ಹಾಕುವ ಹಾಗೂ ಇಲ್ಲ. ಕೊಡುವುದು ಬಿಡುವುದು ಗ್ರಾಹಕನ ಇಷ್ಟ. ಅದೇ ತಿಂಗಳು ದೆಹಲಿ ಹೈಕೋರ್ಟ್ ಇದಕ್ಕೆ ತಡೆ ಕೊಟ್ಟಿತ್ತು. ಹೋಟೆಲುಗಳ ಸಿದ್ಧ ಉತ್ತರದಲ್ಲಿ ಇವತ್ತಿಗೂ ಆ ತಡೆಯ ಮಾತೇ ಇರುತ್ತದೆ. ಆದರೆ 2025ರ ಮಾರ್ಚ್ 28ರಂದು ಅದೇ ಕೋರ್ಟಿನ ಏಕಸದಸ್ಯ ಪೀಠ ಹೋಟೆಲ್ ಸಂಘಗಳ ಅರ್ಜಿ ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಪತ್ರದಲ್ಲಿ ಈ ಎರಡು ತಾರೀಕನ್ನೂ ಬರೆಯಬೇಕು, ಆಗ ಹಳೇ ತಡೆಯ ಉತ್ತರ ಬರುವುದಿಲ್ಲ. ಕೌಂಟರಿನಲ್ಲಿ ಇದನ್ನು ‘ಸರ್ಕಾರಿ ಟ್ಯಾಕ್ಸ್’ ಅನ್ನುವವರಿದ್ದಾರೆ. ಸರ್ವಿಸ್ ಟ್ಯಾಕ್ಸ್ 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಲೇ ಹೋಯಿತು. ಸರ್ವಿಸ್ ಚಾರ್ಜ್ ಒಂದು ರೂಪಾಯಿಯೂ ಸರ್ಕಾರಕ್ಕೆ ಹೋಗುವುದಲ್ಲ, ಹೋಟೆಲಿನ ಖಾತೆಗೇ ಹೋಗುತ್ತದೆ.

ರೆಸಾರ್ಟ್ ಫೀ ಹಾಗಲ್ಲ. ಅದನ್ನು ಹೆಸರಿಟ್ಟು ನಿಷೇಧಿಸಿದ ನಿಯಮವನ್ನು ಹುಡುಕುತ್ತಾ ಕೂರಬೇಡಿ. ಅಮೆರಿಕದ ಹೋಟೆಲುಗಳಿಂದ ಬಂದ ಪದ್ಧತಿ ಇದು. ಅಲ್ಲಿ ಕೂಡ 2025ರ ಮೇ 12ರಿಂದ ಜಾರಿಯಾದ ನಿಯಮ ಫೀಯನ್ನು ನಿಲ್ಲಿಸಲಿಲ್ಲ, ಒಟ್ಟು ಬೆಲೆಯೊಳಗೆ ಸೇರಿಸಿ ಮೊದಲೇ ತೋರಿಸಿ ಅಂತಷ್ಟೇ ಹೇಳಿತು. ನಮ್ಮಲ್ಲಿ ಪ್ರಶ್ನೆ ಇರುವುದೂ ಅಷ್ಟೇ: ಬುಕ್ ಮಾಡುವಾಗ ತೋರಿಸಿದ್ದರೋ ಇಲ್ಲವೋ. ಆನ್‌ಲೈನಿನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳಿಗೆ ‘ಡಾರ್ಕ್ ಪ್ಯಾಟರ್ನ್’ ಅನ್ನುತ್ತಾರೆ. ಅದರ ಬಗ್ಗೆ 2023ರ ನವೆಂಬರ್ 30ರಂದು ಬಂದ ಮಾರ್ಗಸೂಚಿಯಲ್ಲಿ ‘ಡ್ರಿಪ್ ಪ್ರೈಸಿಂಗ್’ ಅಂತ ಒಂದು ಬಗೆ ಇದೆ. ಬೆಲೆಯ ಒಂದು ಭಾಗವನ್ನು ಮೊದಲು ಮುಚ್ಚಿಟ್ಟು ಆಮೇಲೆ ಹೊರತೆಗೆಯುವುದು, ಖರೀದಿ ಖಚಿತವಾದ ಮೇಲೆ ಬೆಲೆ ಹೇಳುವುದು, ಇವೆಲ್ಲ ಅದರೊಳಗೆ ಬರುತ್ತವೆ. ಆ್ಯಪಿಗೂ ಅದು ಅನ್ವಯಿಸುತ್ತದೆ, ಮಾರುವ ಹೋಟೆಲಿಗೂ ಅನ್ವಯಿಸುತ್ತದೆ. ಆದ್ದರಿಂದ ಈ ವಾದ ನಿಲ್ಲುವುದು ಪೂರ್ತಿಯಾಗಿ ಕನ್ಫರ್ಮೇಶನ್ ಪ್ರತಿಯ ಮೇಲೆ. ಅದರಲ್ಲಿ ‘ಹೋಟೆಲಿನಲ್ಲಿ ಕಟ್ಟಬೇಕಾದ ಹೆಚ್ಚುವರಿ ಶುಲ್ಕ ದಿನಕ್ಕೆ 750’ ಅಂತ ಒಂದು ಸಾಲು ಇದ್ದರೆ ನಿಮ್ಮ ವಾದ ಬಹಳ ಸಡಿಲ. ನನ್ನದರಲ್ಲಿ ಇರಲಿಲ್ಲ. ಹಾಗಂತ ಆ್ಯಪನ್ನು ಆಮೇಲೆ ತೆರೆದು ನೋಡಿದರೆ ಸಾಲದು, ಹೋಟೆಲಿನ ಪುಟ ಯಾವಾಗ ಬೇಕಾದರೂ ಬದಲಾಗಬಹುದು. ಹಣ ಕಟ್ಟುವ ಮುಂಚಿನ ಪರದೆಯ ಸ್ಕ್ರೀನ್‌ಶಾಟ್, ಮೇಲ್‌ನಲ್ಲಿ ಬಂದ ವೋಚರ್, ಈ ಎರಡೂ ಇರಬೇಕು.

ಹೋಟೆಲಿನವರ ಕೈಯಲ್ಲಿರುವ ಕಾಗದವೆಂದರೆ ರಿಜಿಸ್ಟ್ರೇಶನ್ ಕಾರ್ಡು. ಒಳಗೆ ಹೋಗುವಾಗ ಹೆಸರು, ಆಧಾರ್, ಗಾಡಿ ನಂಬರ್ ಬರೆಸಿ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಅದು. ಕೆಳಗಡೆ ಸಣ್ಣ ಅಕ್ಷರದಲ್ಲಿ ‘ಅನ್ವಯವಾಗುವ ಎಲ್ಲ ಶುಲ್ಕಗಳಿಗೂ ಒಪ್ಪಿದ್ದೇನೆ’ ಅಂತ ಒಂದು ಸಾಲಿರುತ್ತದೆ. ಸಹಿ ಮಾಡುವ ಮುಂಚೆ ಆ ಸಾಲನ್ನು ಹೊಡೆದುಹಾಕಿ, ‘ಬುಕಿಂಗ್ ವೋಚರ್ ಪ್ರಕಾರ ಮಾತ್ರ’ ಅಂತ ಪಕ್ಕದಲ್ಲಿ ಬರೆದು ಫೋಟೋ ತೆಗೆದುಕೊಳ್ಳಬಹುದು. ಗಮನಿಸದೆ ಸಹಿ ಮಾಡಿದ್ದರೂ ಎಲ್ಲ ಮುಗಿಯಿತು ಅಂತಲ್ಲ. ಬೆಲೆಯ ಒಪ್ಪಂದ ಆದದ್ದು ಬುಕಿಂಗ್ ಖಚಿತವಾದ ದಿನ. ಆಮೇಲೆ ಲಗೇಜ್ ಇಳಿಸಿಕೊಂಡು ನಿಂತಿರುವಾಗ, ಮೊತ್ತವನ್ನೇ ಹೇಳದೆ ಪಡೆದ ಸಹಿಯಿಂದ ಹೊಸ ಬೆಲೆ ಹುಟ್ಟುವುದಿಲ್ಲ ಅಂತ ವಾದಿಸಬಹುದು. ನಾನು ಬರೆದದ್ದೂ ಅದನ್ನೇ.

ಬಿಲ್ಲನ್ನು ಕೇಳಬೇಕಾದ್ದು ಹೊರಡುವ ಬೆಳಿಗ್ಗೆ ಅಲ್ಲ, ಹಿಂದಿನ ಸಂಜೆ. ‘ನಾಳೆಯ ಬಿಲ್ಲಿನ ಡ್ರಾಫ್ಟ್ ಕೊಡಿ, ಸಾಲುಸಾಲಾಗಿ’ ಅಂದರೆ ಕೊಡುತ್ತಾರೆ. ಇದಕ್ಕೆ ಕಾರಣವಿದೆ. ಟ್ಯಾಕ್ಸ್ ಇನ್‌ವಾಯ್ಸ್ ಆಗುವ ಮುಂಚೆ ಒಂದು ಸಾಲು ತೆಗೆಯುವುದು ಸುಲಭ. ಇನ್‌ವಾಯ್ಸ್ ಆದ ಮೇಲೆ ಮೊತ್ತ ಇಳಿಸಬೇಕಾದರೆ ಅವರು ಕ್ರೆಡಿಟ್ ನೋಟ್ ಕೊಡಬೇಕು, ಅದು ಅಕೌಂಟ್ಸ್‌ನವರ ಕೆಲಸ, ಅವರು ಭಾನುವಾರ ಬೆಳಿಗ್ಗೆ ಸಿಗುವವರಲ್ಲ. ‘ಸಿಸ್ಟಂನಲ್ಲೇ ಬರುತ್ತೆ ಸಾರ್, ನಾವು ತೆಗೆಯೋಕಾಗಲ್ಲ’ ಅಂತ ಕೌಂಟರಿನ ಹುಡುಗ ಹೇಳಿದರೆ ಅವನ ಮಟ್ಟಿಗೆ ಅದು ನಿಜವೇ ಇರಬಹುದು. ಅವನ ಜೊತೆ ಜಗಳವಾಡಿ ಉಪಯೋಗವಿಲ್ಲ, ಡ್ಯೂಟಿ ಮ್ಯಾನೇಜರನ್ನು ಕರೆಸಬೇಕು.

ಮ್ಯಾನೇಜರೂ ಒಪ್ಪಲಿಲ್ಲ. ಆಗ ಹಣ ಕಟ್ಟದೆ ನಿಂತುಕೊಳ್ಳುವುದಕ್ಕಿಂತ ಆಕ್ಷೇಪಣೆ ಬರೆದು ಕಟ್ಟುವುದು ಮೇಲು. ಕಟ್ಟದಿದ್ದರೆ ಮಾತು ಸರ್ವಿಸ್ ಚಾರ್ಜಿನಿಂದ ‘ಬಿಲ್ ಕಟ್ಟದೆ ಹೊರಟರು’ ಅನ್ನುವ ಕಡೆಗೆ ತಿರುಗುತ್ತದೆ. ಯುಪಿಐನಲ್ಲಿ ಎರಡು ಬಾರಿಯಾಗಿ ಕಟ್ಟಿದೆ: ಮೊದಲು ಒಪ್ಪಿದ 17,010, ಆಮೇಲೆ ಬೇರೆಯಾಗಿ 2,211. ಎರಡನೆಯದರ ಟಿಪ್ಪಣಿ ಜಾಗದಲ್ಲಿ `paid under protest` ಅಂತ ಹಾಕಿದೆ. ಯಾವ ಮೊತ್ತದ ಮೇಲೆ ತಕರಾರಿದೆ ಅನ್ನುವುದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೇ ಉಳಿಯುತ್ತದೆ. ಬಿಲ್ಲಿನ ಎರಡೂ ಪ್ರತಿಯ ಮೇಲೆ ಪೆನ್ನಿನಲ್ಲಿ ಹೀಗೆ ಬರೆದೆ: ‘ರೆಸಾರ್ಟ್ ಫೀ 1,770, ಸರ್ವಿಸ್ ಚಾರ್ಜ್ ತೆರಿಗೆ ಸೇರಿ 441, ಇವೆರಡಕ್ಕೂ ನನ್ನ ಒಪ್ಪಿಗೆ ಇಲ್ಲ. ಆಕ್ಷೇಪಣೆಯೊಂದಿಗೆ ಕಟ್ಟಿದ್ದೇನೆ.’ ಕೆಳಗೆ ಸಹಿ, ತಾರೀಕು, ಗಂಟೆ. ಅವರ ಪ್ರತಿಯ ಫೋಟೋವನ್ನೂ ತೆಗೆದುಕೊಂಡೆ. ಯುಪಿಐನಲ್ಲಿ ನೀವೇ ಪಿನ್ ಒತ್ತಿ ಕಳಿಸಿದ ಹಣವನ್ನು ಬ್ಯಾಂಕು ಹಿಂದಿರುಗಿಸಿ ಕೊಡುತ್ತದೆ ಅಂತ ನಂಬಿಕೊಂಡು ಕೂರಬಾರದು. ಕ್ರೆಡಿಟ್ ಕಾರ್ಡಾದರೆ ಒಪ್ಪಿದ್ದಕ್ಕಿಂತ ಹೆಚ್ಚು ಮೊತ್ತ ಹಿಡಿದರು ಅಂತ ಬ್ಯಾಂಕಿಗೆ ಡಿಸ್ಪ್ಯೂಟ್ ಹಾಕುವ ದಾರಿ ಒಂದಿದೆ, ಅಲ್ಲಿಯೂ ಕೇಳುವುದು ಇದೇ ವೋಚರ್, ಇದೇ ಬಿಲ್ಲು.

ಪತ್ರ ಬರೆಯುವ ಮುಂಚೆ ಯಾರಿಗೆ ಬರೆಯಬೇಕು ಅನ್ನುವುದು ಖಚಿತವಾಗಬೇಕು. ಬೋರ್ಡಿನ ಮೇಲಿರುವುದು ವ್ಯಾಪಾರದ ಹೆಸರು, ಜವಾಬ್ದಾರಿ ಇರುವುದು ಅದರ ಹಿಂದಿನ ಕಂಪನಿಗೋ ಪಾಲುದಾರಿಕೆಗೋ. ಬಿಲ್ಲಿನಲ್ಲಿರುವ ಜಿಎಸ್‌ಟಿ ನಂಬರನ್ನು (ಕರ್ನಾಟಕದ್ದು 29ರಿಂದ ಶುರುವಾಗುತ್ತದೆ) ಜಿಎಸ್‌ಟಿ ಪೋರ್ಟಲಿನ `Search Taxpayer`ನಲ್ಲಿ ಹಾಕಿದರೆ `Legal Name of Business` ಸಿಗುತ್ತದೆ. ಪತ್ರ ಹೋಗಬೇಕಾದ್ದು ಆ ಹೆಸರಿಗೆ.

ನನ್ನ ಪತ್ರ ಒಂದು ಪುಟ ಮೀರಲಿಲ್ಲ. ಮುಖ್ಯ ಭಾಗ ಇದು:

“ನಿಮ್ಮ ಇನ್‌ವಾಯ್ಸ್ ಮೊತ್ತ 19,221. ಇದರಲ್ಲಿ 17,010ಕ್ಕೆ ನನ್ನ ತಕರಾರಿಲ್ಲ. ಉಳಿದ 2,211ನ್ನು ಆಕ್ಷೇಪಣೆಯೊಂದಿಗೆ ಕಟ್ಟಿದ್ದೇನೆ. (1) ಸರ್ವಿಸ್ ಚಾರ್ಜ್ 420, ಅದರ ಮೇಲಿನ ಜಿಎಸ್‌ಟಿ 21: ನನ್ನನ್ನು ಕೇಳದೆ ಸೇರಿಸಿದ್ದೀರಿ, ತೆಗೆಯಲು ಕೇಳಿದಾಗ ನಿರಾಕರಿಸಿದ್ದೀರಿ. ಇದು 4-7-2022ರ ಮಾರ್ಗಸೂಚಿಗೆ ವಿರುದ್ಧ, 28-3-2025ರ ದೆಹಲಿ ಹೈಕೋರ್ಟ್ ತೀರ್ಪು ಅದನ್ನು ಎತ್ತಿಹಿಡಿದಿದೆ. (2) ರೆಸಾರ್ಟ್ ಫೀ 1,500, ಜಿಎಸ್‌ಟಿ 270: ಲಗತ್ತಿಸಿದ ವೋಚರಿನಲ್ಲಿ ಒಟ್ಟು 12,600 ಎಂದಿದೆ, ಬೇರೆ ಶುಲ್ಕದ ಉಲ್ಲೇಖವಿಲ್ಲ. ಇದ್ದಲ್ಲಿ ಯಾವ ಪುಟದಲ್ಲಿ, ಯಾವ ದಿನ ತೋರಿಸಿದ್ದಿರಿ ತಿಳಿಸಿ. ಹದಿನೈದು ದಿನದೊಳಗೆ ಮೊತ್ತ ಹಿಂದಿರುಗಿಸಿ ಕ್ರೆಡಿಟ್ ನೋಟ್ ಕಳಿಸಿ.”

‘ಯಾವ ಪುಟದಲ್ಲಿ ತೋರಿಸಿದ್ದಿರಿ’ ಅನ್ನುವ ಪ್ರಶ್ನೆ ಮುಖ್ಯ. ಪುಟವನ್ನು ಹೆಸರಿಸದೆ ಬೇರೇನೋ ಉತ್ತರ ಕೊಟ್ಟರೆ ತೋರಿಸಿಲ್ಲ ಅಂತ ಅವರೇ ಒಪ್ಪಿದ ಹಾಗಾಗುತ್ತದೆ. ಪತ್ರವನ್ನು ಮೇಲ್ ಮಾಡಿ, ಅದೇ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ತಲುಪಿದ ದಾಖಲೆ ತೆಗೆದಿಟ್ಟುಕೊಂಡೆ. ಬುಕಿಂಗ್ ಆ್ಯಪಿನ ಕುಂದುಕೊರತೆ ಅಧಿಕಾರಿಗೂ ಒಂದು ಪ್ರತಿ ಹೋಯಿತು. 2020ರ ಇ-ಕಾಮರ್ಸ್ ನಿಯಮದಂತೆ ಅವರು 48 ಗಂಟೆಯೊಳಗೆ ದೂರು ತಲುಪಿದೆ ಅನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಹೋಟೆಲಿನಿಂದ ಬಂದ ಮೊದಲ ಉತ್ತರದಲ್ಲಿ 441 ವಾಪಸ್ ಕೊಡುತ್ತೇವೆ, ರೆಸಾರ್ಟ್ ಫೀ ಈಜುಕೊಳ ಮತ್ತು ಜಿಮ್‌ಗೆ, ರಿಜಿಸ್ಟ್ರೇಶನ್ ಕಾರ್ಡಿನಲ್ಲಿ ನಿಮ್ಮ ಸಹಿ ಇದೆ ಅಂತಿತ್ತು. ‘ಈಜುಕೊಳ ಬಳಸಲಿಲ್ಲ’ ಅಂತ ಉತ್ತರ ಬರೆಯುವ ಆಸೆ ಆಗುತ್ತದೆ. ಬರೆಯಬಾರದು. ಬರೆದರೆ ಬಳಸಿದವರು ಕೊಡಬೇಕಿತ್ತು ಅಂತ ಒಪ್ಪಿದ ಹಾಗೆ, ವಾದ ಬೆಲೆಯಿಂದ ಬಳಕೆಗೆ ಜಾರುತ್ತದೆ. ಕೇಳಿದ ಪುಟ ತೋರಿಸಿಲ್ಲ ಅಂತ ಒಂದೇ ಸಾಲು ಬರೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದೆ. 1915ಕ್ಕೆ ಫೋನ್ ಮಾಡಬಹುದು, `consumerhelpline.gov.in`ನಲ್ಲೂ ಹಾಕಬಹುದು. ನಾನು ಎರಡನೆಯದನ್ನೇ ಆರಿಸಿಕೊಂಡೆ, ಕಾಗದ ಲಗತ್ತಿಸಬಹುದು ಅನ್ನುವ ಕಾರಣಕ್ಕೆ. ಸಹಾಯವಾಣಿ ಆದೇಶ ಹೊರಡಿಸುವುದಿಲ್ಲ, ದೂರನ್ನು ಹೋಟೆಲಿಗೆ ಮುಟ್ಟಿಸಿ ಉತ್ತರ ಕೇಳುತ್ತದೆ, ಅಷ್ಟೇ. ಆದರೆ ಆ ಉತ್ತರ ಬರೆಯುವವರು ಕೌಂಟರಿನವರಲ್ಲ.

ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ರೆಸಾರ್ಟ್ ಇರುವುದು ಮಂಡ್ಯ ಜಿಲ್ಲೆಯಲ್ಲಿ, ನಾನಿರುವುದು ಮೈಸೂರಿನಲ್ಲಿ. 2019ರ ಕಾಯ್ದೆ ಬಂದ ಮೇಲೆ ದೂರುದಾರ ತಾನು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಹಾಕಬಹುದು, ಮಂಡ್ಯಕ್ಕೆ ಓಡಾಡಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹಾಕಬೇಕು. ನಾನು ಕರಡು ಬರೆದಿಟ್ಟುಕೊಂಡಿದ್ದೆ, ಹಾಕುವ ಪ್ರಸಂಗ ಬರಲಿಲ್ಲ. ಸಹಾಯವಾಣಿಯ ದೂರು ತಲುಪಿದ ಮೇಲೆ ಉಳಿದ 1,770ನ್ನೂ ಕೊಡಲು ಒಪ್ಪಿದರು.

ಒಪ್ಪಿದ ಮೇಲ್ ಜೊತೆ ಒಂದು ಕಾಗದ ಬಂತು: ‘ಪೂರ್ಣ ತೃಪ್ತಿಯಾಗಿದೆ, ಯಾವ ದೂರೂ ಇಲ್ಲ’ ಅಂತ ಸಹಿ ಮಾಡಿ ಕಳಿಸಿ, ಆಮೇಲೆ ಹಣ ಹಾಕುತ್ತೇವೆ ಅಂತ. ಮೊದಲು ಹಣ, ಆಮೇಲೆ ಸಹಿ ಅಂತ ಉತ್ತರಿಸಿದೆ. ಮೊದಲು ಖಾತೆಗೆ ಬಂದದ್ದು 1,920. ಸರ್ವಿಸ್ ಚಾರ್ಜು, ಫೀ ಎರಡೂ ಇತ್ತು, ತೆರಿಗೆಯ 291 ಬಿಟ್ಟಿದ್ದರು. ಸುಮಾರು ಬಾರಿ ಆಗುವುದು ಇದೇ. ಇನ್‌ವಾಯ್ಸಿನ ಆ ಎರಡು ಸಾಲಿಗೆ ಗೆರೆ ಎಳೆದು ಮತ್ತೆ ಕಳಿಸಿದೆ, ನಾಲ್ಕು ದಿನಕ್ಕೆ 291 ಬಂತು, ಜೊತೆಗೆ 2,211ರ ಕ್ರೆಡಿಟ್ ನೋಟು. ಆವತ್ತು ಸಹಾಯವಾಣಿಯ ದೂರನ್ನು ಮುಚ್ಚಲು ಒಪ್ಪಿಗೆ ಕೊಟ್ಟೆ.